ಓದುಗರ ಸ್ಪಂದನ: ಗಲ್ಫಿನ ದುಡ್ಡು, ಸಕಲೇಶಪುರದ ತೋಟ

ಅಬುಧಾಬಿಯಲ್ಲಿ 20 ವರ್ಷ ಎಸಿ ರಿಪೇರಿ ಕೆಲಸ ಮಾಡಿ ಹಾಸನಕ್ಕೆ ಮರಳಲಿರುವ ಓದುಗರೊಬ್ಬರ ಪತ್ರವನ್ನು ಕಳೆದ ವಾರ ಪ್ರಕಟಿಸಿದ್ದೆವು. ಕಂಪನಿಯಿಂದ ಬರುವ ಸೇವಾಂತ್ಯದ ದುಡ್ಡಿಗೆ ಬ್ಯಾಂಕಿನಲ್ಲಿರುವ ಉಳಿತಾಯವನ್ನೂ ಸೇರಿಸಿ ಸಕಲೇಶಪುರದ ಹತ್ತಿರ 4 ಎಕರೆ ಕಾಫಿ ತೋಟ ಕೊಳ್ಳಲು ಅವರ ಭಾವ ಮಾತಾಡಿಟ್ಟಿದ್ದಾರೆ. ಮುಂಗಡವನ್ನು ಈಗಲೇ ಕಳಿಸು, ಜಿಪಿಎ ಅಧಿಕಾರಪತ್ರದ ಮೇಲೆ ನಿನ್ನ ಹೆಸರಿಗೇ ನೋಂದಣಿ ಮಾಡಿಸುತ್ತೇನೆ ಎನ್ನುತ್ತಾರೆ. "ಒಪ್ಪಿಕೊಳ್ಳಲೇ?" ಎಂಬುದು ಪತ್ರದ ಪ್ರಶ್ನೆ. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ದುಬೈನಿಂದ, ಚಿಕ್ಕಮಗಳೂರಿನವರು

ತೋಟದ ಮಾತು ಆಮೇಲೆ. ನಿಮ್ಮ ಕೈಗೆ ಎಷ್ಟು ಬರುತ್ತದೆ ಅಂತ ಮೊದಲು ನೋಡಿ. ಸಂಬಳ 5,000 ದಿರ್ಹಮ್, ಅದರಲ್ಲಿ ಬೇಸಿಕ್ 3,000 ಅಂತ ಬರೆದಿದ್ದೀರಿ. ವರ್ಷಕ್ಕೊಂದು ತಿಂಗಳ ಸಂಬಳದಂತೆ 1 ಲಕ್ಷ ದಿರ್ಹಮ್ ಸಿಗುತ್ತದೆ ಅಂದುಕೊಂಡಿದ್ದೀರಿ. ಅಷ್ಟು ಬರುವುದಿಲ್ಲ. ಇಲ್ಲಿ ಗ್ರಾಚುಟಿ ಲೆಕ್ಕ ಹಾಕುವುದು ಬೇಸಿಕ್ ಮೇಲೆ ಮಾತ್ರ. ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲಿನ ವರ್ಷಗಳಿಗೆ 30 ದಿನದ್ದು. ನಿಮ್ಮ ದಿನದ ಬೇಸಿಕ್ 100 ದಿರ್ಹಮ್. ಮೊದಲ ಐದು ವರ್ಷಕ್ಕೆ 10,500, ಉಳಿದ ಹದಿನೈದಕ್ಕೆ 45,000. ಒಟ್ಟು 55,500. ದಿರ್ಹಮಿಗೆ 23 ರೂಪಾಯಿ ಹಿಡಿದರೆ 13 ಲಕ್ಷ ತುಂಬುವುದಿಲ್ಲ. ಬಾಕಿ ಉಳಿದ ರಜೆಯ ದುಡ್ಡು ಬೇರೆ ಬರುತ್ತದೆ, ಅದೂ ಬೇಸಿಕ್ ಮೇಲೆಯೇ.

ಕೆಲಸ ಮುಗಿದ 14 ದಿನದೊಳಗೆ ಕಂಪನಿ ಕೊಡಬೇಕು. ದುಡ್ಡು ಕೈಗೆ ಬರುವ ಮೊದಲೇ "ಎಲ್ಲ ಸಂದಾಯವಾಗಿದೆ" ಅನ್ನೋ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವವರಿದ್ದಾರೆ. ಹಾಕಬೇಡಿ. ಇಲ್ಲಿನ ಖಾತೆಯನ್ನೂ ಅವಸರದಲ್ಲಿ ಮುಚ್ಚಬೇಡಿ.

ಹಾಸನದ ಓದುಗಿ

ಭಾವ ಏನಂದರು, ಕಂಪನಿ ಏನಂದಿತು, ಎಲ್ಲ ಬರೆದಿದ್ದೀರಿ. 20 ವರ್ಷ ಇಲ್ಲಿ ಒಬ್ಬರೇ ಮನೆ ನಡೆಸಿದ ಹೆಂಡತಿ ಏನಂದರು? ಒಂದು ಸಾಲೂ ಇಲ್ಲ.

*ಮುಂದಿನ ಪತ್ರ ಉದ್ದವಾಗಿದೆ. ಏನನ್ನೂ ಬಿಡಲು ನಮಗೆ ಮನಸ್ಸಾಗಲಿಲ್ಲ.*

ಮೂಡಿಗೆರೆ ತಾಲ್ಲೂಕಿನಿಂದ ಒಬ್ಬ ತಾಯಿ

ತಮ್ಮಾ, ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಯಜಮಾನರು ಮಸ್ಕತ್ತಿನಲ್ಲಿ ಡ್ರೈವರ್ ಆಗಿದ್ದರು. ಅವರೂ ಹೀಗೇ ಒಂದು ದೊಡ್ಡ ಮೊತ್ತ ಹಿಡಿದು ಊರಿಗೆ ಬಂದರು. ಬಂದ ತಿಂಗಳೊಳಗೇ ತೋಟದ ವ್ಯಾಪಾರ ಮುಗಿದಿತ್ತು. ಮಾರಿದವರು ನೆಂಟರ ಪೈಕಿ. ನಮ್ಮನ್ನು ಬೇಲಿ ಸುತ್ತ ನಡೆಸಿ ತೋರಿಸಿದರು. ರೋಬಸ್ಟಾ ಗಿಡ, ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸು, ಕೆಳಗೆ ಹಳ್ಳ. ಎಲ್ಲಾ ಒಂದೇ ತೋಟದ ಹಾಗೆ ಇತ್ತು. ಬೇಲಿಯೊಳಗೆ 4 ಎಕರೆ ಅಂದರು, 4 ಎಕರೆಯ ದುಡ್ಡು ಕೊಟ್ಟೆವು.

ಪಹಣಿಯಲ್ಲಿ ಇದ್ದದ್ದು 1 ಎಕರೆ 30 ಗುಂಟೆ. ಮಿಕ್ಕಿದ್ದು ಸರ್ಕಾರದ ಜಾಗ, ಹಿಂದೆ ಯಾವಾಗಲೋ ಒತ್ತುವರಿ ಮಾಡಿ ಗಿಡ ಹಾಕಿದ್ದು. ಕ್ರಯಪತ್ರದಲ್ಲೂ 1 ಎಕರೆ 30 ಗುಂಟೆ ಅಂತಲೇ ಇತ್ತು. "ಮಲೆನಾಡಲ್ಲಿ ಎಲ್ಲರದ್ದೂ ಹೀಗೇ, ಸಕ್ರಮ ಆಗತ್ತೆ" ಅಂದರು. ನೆಂಟರ ಮುಂದೆ ಕಾಗದ ಹಿಡಿದು ಪ್ರಶ್ನೆ ಕೇಳುವುದಕ್ಕೆ ನಮ್ಮವರಿಗೆ ಸಂಕೋಚ.

ಅದು ನಿಜವಾಗಿ ತಿಳಿದದ್ದು ಪಕ್ಕದವರು ಸರ್ವೆ ಮಾಡಿಸಿದ ದಿನ. ಸರ್ವೆಯವರು ನಮ್ಮ ತೋಟದ ನಟ್ಟನಡುವೆ ಬಂದು ನಿಂತು, "ನಿಮ್ಮದು ಇಲ್ಲಿಗೆ ಮುಗೀತು" ಅಂದರು. ಅಲ್ಲಿಂದ ಹಳ್ಳದವರೆಗೆ ಇದ್ದ ಒಳ್ಳೆಯ ಗಿಡವೆಲ್ಲ ನಮ್ಮ ಪಾಲಿಗೆ ಇಲ್ಲದ ಹಾಗಾಯಿತು. ಮಗಳ ನರ್ಸಿಂಗ್ ಫೀಸಿಗೆ ಸಾಲ ಕೇಳಿದರೆ ಬ್ಯಾಂಕಿನವರು ಪಹಣಿಯಲ್ಲಿ ಇದ್ದಷ್ಟಕ್ಕೇ ಲೆಕ್ಕ ಹಾಕಿದರು. ಮಾರೋಣ ಅಂದರೆ, ಕಾಗದ ನೋಡಿ ಎಲ್ಲರೂ ವಾಪಸ್ ಹೋದರು. ನಮ್ಮವರು 54ನೇ ವಯಸ್ಸಿನಲ್ಲಿ ಮತ್ತೆ ಮಸ್ಕತ್ತಿಗೆ ಹೊರಟರು. ಮೊದಲಿನ ಸಂಬಳವೂ ಸಿಗಲಿಲ್ಲ.

ನಿಮ್ಮ ಭಾವ ಒಳ್ಳೆಯವರೇ ಇರಬಹುದು. ಆದರೂ ದುಡ್ಡು ಕೊಡುವ ಮೊದಲು ಮಾಲೀಕರ ಕೈಯಿಂದಲೇ ಗಡಿ ಅಳೆದು ಗುರುತಿಸುವ ಹದ್ದುಬಸ್ತಿಗೆ ಅರ್ಜಿ ಹಾಕಿಸಿ. ಸರ್ವೆಯವರು ಕಲ್ಲು ತೋರಿಸುವಾಗ ನೀವೇ ಅಲ್ಲಿ ನಿಂತಿರಬೇಕು. ಭಾವನಲ್ಲ, ನೀವು. ಹಾಕಿಸುವುದಿಲ್ಲ ಅಂದರೆ ಆ ತೋಟ ಬೇಡ.

*ಭಾವನ ಮೇಲಿನ ನಂಬಿಕೆಯಷ್ಟೇ ಇಲ್ಲಿನ ವಿಷಯ ಎಂದು ನಾವೂ ಅಂದುಕೊಂಡಿದ್ದೆವು. ಕಾನೂನೂ ಒಂದು ಮಾತು ಹೇಳುತ್ತದೆ ಎಂದು ಮುಂದಿನವರು ಗಮನ ಸೆಳೆದಿದ್ದಾರೆ.*

ನಿವೃತ್ತ ಬ್ಯಾಂಕ್ ಅಧಿಕಾರಿ, ಹಾಸನ

ನೀವು ಅನಿವಾಸಿಯಾಗಿರುವಾಗ ಆ ತೋಟವನ್ನು ನಿಮ್ಮ ಹೆಸರಿಗೆ ಕೊಳ್ಳುವಂತೆಯೇ ಇಲ್ಲ. ಅನಿವಾಸಿಗಳು ಊರಲ್ಲಿ ಮನೆ, ಸೈಟು ಕೊಳ್ಳಬಹುದು. ಕೃಷಿ ಜಮೀನು, ಪ್ಲಾಂಟೇಷನ್, ಫಾರ್ಮ್ ಹೌಸ್ ಕೊಳ್ಳಲು ವಿದೇಶಿ ವಿನಿಮಯದ ಫೆಮಾ ಕಾಯ್ದೆ ಬಿಡುವುದಿಲ್ಲ. ಪಿತ್ರಾರ್ಜಿತವಾಗಿ ಬಂದರೆ ತೊಂದರೆಯಿಲ್ಲ. ಜಿಪಿಎ ಮೇಲೆ ಕೊಂಡರೂ ಕೊಂಡವರು ನೀವೇ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಿಬಿಡಬಹುದು, ಆದರೆ ಮುಂದೆ ಸಿಕ್ಕಿಬಿದ್ದರೆ ದಂಡ ವ್ಯವಹಾರದ ಮೊತ್ತದ ಮೂರು ಪಟ್ಟಿನವರೆಗೆ ಹೋಗುತ್ತದೆ. ಇಲ್ಲೇ ನೆಲೆಸಲು ಅಂತ ವಾಪಸ್ ಬಂದ ಮೇಲೆ ಈ ಅಡ್ಡಿ ಇರುವುದಿಲ್ಲ. 2020ರ ಭೂ ಸುಧಾರಣಾ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ರೈತ ಕುಟುಂಬದವರೇ ಆಗಿರಬೇಕು ಅಂತಲೂ ಇಲ್ಲ. ಅವಸರ ಮಾಡುವುದಕ್ಕೆ ಕಾರಣವೇ ಕಾಣುವುದಿಲ್ಲ.

ಗ್ರಾಚುಟಿಯನ್ನು ಮೊದಲು ಅಲ್ಲಿನ ಖಾತೆಗೇ ಹಾಕಿಸಿಕೊಂಡು, ಆಮೇಲೆ ಊರಿಗೆ ಕಳಿಸಿ. ಅಷ್ಟು ವರ್ಷ ಹೊರಗಿದ್ದವರಿಗೆ ವಾಪಸ್ ಬಂದ ಮೊದಲ ಒಂದೆರಡು ವರ್ಷ ಹೊರದೇಶದ ಆದಾಯಕ್ಕೆ ಇಲ್ಲಿ ಸಾಮಾನ್ಯವಾಗಿ ತೆರಿಗೆ ಇರುವುದಿಲ್ಲ. ಆದರೆ ಅದೇ ದುಡ್ಡು ನೇರವಾಗಿ ಇಲ್ಲಿನ ಖಾತೆಗೇ ಮೊದಲು ಬಂದರೆ ಲೆಕ್ಕ ಬೇರೆಯಾಗಬಹುದು.

ಬಂದ ಮೇಲೆ ಬ್ಯಾಂಕಿಗೆ ತಿಳಿಸಿ. ಅನಿವಾಸಿಗಳಿಗಿರುವ ಎನ್‌ಆರ್‌ಇ ಎಫ್‌ಡಿಯನ್ನು ಮುರಿಯಬೇಕಿಲ್ಲ, ಅವಧಿ ಮುಗಿಯುವವರೆಗೆ ಅದೇ ಬಡ್ಡಿ ಸಿಗುತ್ತದೆ. ಬಂದ ದಿನದಿಂದ ಆ ಬಡ್ಡಿಗೆ ತೆರಿಗೆ ಮಾತ್ರ ಇದೆ. ಇನ್ನೊಂದು ಮಾತು. ಜಾಸ್ತಿ ಬಡ್ಡಿ ಅಂತ ಸೌಹಾರ್ದ ಸಹಕಾರಿಗಳಲ್ಲಿ ಪೂರ್ತಿ ದುಡ್ಡು ಇಡಬೇಡಿ. ಬ್ಯಾಂಕ್ ಮುಳುಗಿದರೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದವರೆಗೆ ವಿಮೆ ಸಿಗುತ್ತದೆ. ಸೌಹಾರ್ದಕ್ಕೆ ಆ ವಿಮೆ ಇಲ್ಲ.

ಬೇಲೂರಿನ ಯುವಕ

ನಮ್ಮ ಅಪ್ಪ ಸೌದಿಯಿಂದ ಬಂದಾಗ ಊರಿಗೆಲ್ಲ ಮೊತ್ತ ಗೊತ್ತಿತ್ತು. ದಿನಾ ಯಾರಾದರೂ ಕೈಸಾಲ ಕೇಳಿಕೊಂಡು ಬರುತ್ತಿದ್ದರು. ಇಲ್ಲ ಅನ್ನೋದು ಅಪ್ಪನಿಗೆ ಬರಲ್ಲ. ಎಷ್ಟು ತಂದಿರಿ ಅಂತ ಯಾರಿಗೂ ಹೇಳಬೇಡಿ, ಅಷ್ಟೇ.

*ತೋಟವೇ ಬೇಡ ಎಂದವರು ಹಲವರು. ಆ ಕೆಲಸದಲ್ಲೇ ಇರುವವರೊಬ್ಬರು ಹಾಗೆನ್ನುವುದಿಲ್ಲ. ಕಾಯಿರಿ ಎನ್ನುತ್ತಾರೆ.*

ಸಕಲೇಶಪುರದ ಬೆಳೆಗಾರ

ಬನ್ನಿ, ತೋಟ ಮಾಡಿ. ಆದರೆ ಒಂದು ವರ್ಷ ಸುತ್ತಿ ನೋಡಿ ಕೊಳ್ಳಿ. ಎಷ್ಟೋ ಜನ ಕೊಯ್ಲು ಮುಗಿಸಿ, ಫಸಲಿನ ದುಡ್ಡು ಎಣಿಸಿಕೊಂಡು ತೋಟ ಮಾರುತ್ತಾರೆ. ಅಲ್ಲಿಂದ ಮುಂದಿನ ಕೊಯ್ಲಿನವರೆಗೆ ರೆಂಬೆ ಕತ್ತರಿಸುವ ಕಸಿ ಕೆಲಸ, ಗೊಬ್ಬರ, ನೆರಳು ತೆಗೆಯುವುದು, ಕೂಲಿ ಎಲ್ಲ ಖರ್ಚು ನಿಮ್ಮದು. ಫೆಬ್ರವರಿ, ಮಾರ್ಚಿನಲ್ಲಿ ಹೂ ಮಳೆ ಬರಲಿಲ್ಲ ಅಂದರೆ ರೋಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕಬೇಕು, ಅದಕ್ಕೆ ಕೆರೆಯಲ್ಲಿ ನೀರಿರಬೇಕು. ತೋಟ ನೋಡೋದಿದ್ದರೆ ಆ ತಿಂಗಳಲ್ಲೇ ಬಂದು ಕೆರೆ ನೋಡಿ. ಮಳೆಗಾಲದಲ್ಲಿ ಎಲ್ಲ ಕೆರೆಯೂ ತುಂಬಿರುತ್ತದೆ.

ಅರೇಬಿಕಾ ಇದ್ದರೆ ಕಾಂಡವನ್ನು ಕೈಯಿಂದ ಸವರಿ ನೋಡಿ. ತೊಗಟೆ ಮೇಲೆ ಏಣಿನ ಹಾಗೆ ಉಬ್ಬಿದ ಗೆರೆ ಸಿಕ್ಕಿದರೆ ಒಳಗೆ ಬೋರರ್ ಹುಳ ಇದೆ. ಅಂಥ ಗಿಡ ಕಿತ್ತು ಸುಡಬೇಕು. ಹೊಸ ಗಿಡ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕು. ಸಾಲಿನಲ್ಲಿ ಹತ್ತು ಗಿಡ ಸವರಿದರೆ ಸಾಕು, ಮಾಲೀಕ ಹೇಳಿದ ರೇಟು ಸರಿಯೋ ಅಲ್ಲವೋ ಅಂತ ಗೊತ್ತಾಗುತ್ತದೆ. ಒಂದು ವರ್ಷದ ಖರ್ಚು ಬೇರೆ ತೆಗೆದಿಟ್ಟು, ಉಳಿದ ದುಡ್ಡಿಗೆ ಎಷ್ಟು ಬರುತ್ತದೋ ಅಷ್ಟೇ ಕೊಳ್ಳಿ. ಅದು 2 ಎಕರೆ ಆದರೂ ಆಯಿತು.