ಅಪ್‌ಡೇಟ್: ಗಿಟಾರ್, ಕಹೋನ್ ಎಂಬ ಪೆಟ್ಟಿಗೆ ಡ್ರಮ್, ವಯಲಿನ್ ಒಟ್ಟಿಗೆ ನುಡಿಸಿದರೆ ಕಲಸುಮೇಲೋಗರ ಆಗುತ್ತಿತ್ತು

ನಾನು ಕೇಳಿದ್ದು: "ಮೂರೇ ವಾದ್ಯ, ಆದರೂ ಹಾಡಿನ ಮಾತೇ ಕೇಳಿಸಲ್ಲ. ಯಾರು ಎಲ್ಲಿ ಬಿಡಬೇಕು?"

ಮೊನ್ನೆ ರಿಹರ್ಸಲ್ ಅನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆವು. ಕಾರಣ ತಕ್ಷಣ ಸಿಕ್ಕಿತು. ನಮ್ಮ ವಯಲಿನ್‌ನವರು ಕಲಿತದ್ದು ಕರ್ನಾಟಕ ಸಂಗೀತ. ಕಛೇರಿಯಲ್ಲಿ ಗಾಯಕರ ಹಿಂದೆಯೇ ಹೋಗುವುದು ಅವರಿಗೆ ರೂಢಿ. ಇಲ್ಲೂ ಪ್ರತಿ ಸಾಲನ್ನೂ ಹಾಡುವವನ ಜೊತೆಗೇ, ಅದೇ ಸ್ಥಾಯಿಯಲ್ಲಿ ನುಡಿಸುತ್ತಿದ್ದರು. ಪದಗಳು ಅದರಡಿ ಮುಚ್ಚಿಹೋಗುತ್ತಿದ್ದವು.

ಈಗ ಮೊದಲ ಚರಣದಲ್ಲಿ ವಯಲಿನ್ ಪೂರ್ತಿ ಸುಮ್ಮನಿರುತ್ತದೆ. ಎರಡನೆಯದರಲ್ಲಿ ಸಾಲು ಮುಗಿದು ಹಾಡುವವನು ಉಸಿರು ತೆಗೆದುಕೊಳ್ಳುವಾಗ ಮಾತ್ರ ನಾಲ್ಕೈದು ಸ್ವರದ ಉತ್ತರ ಕೊಡುತ್ತದೆ. ಪಲ್ಲವಿಗೆ ಉದ್ದನೆಯ ಕಮಾನಿನಲ್ಲಿ ಒಂದೊಂದೇ ಸ್ವರ, ಅಷ್ಟೇ. ಆ ಮೌನದಿಂದಾಗಿ ಮೊದಲ ಉತ್ತರ ಎಷ್ಟು ಚೆನ್ನಾಗಿ ಕೇಳುತ್ತದೆ ಗೊತ್ತಾ!

ಗಿಟಾರ್ ನನ್ನದು. ಆರೂ ತಂತಿ ಬಾರಿಸುತ್ತಿದ್ದೆ. 2 ಮತ್ತು 4ನೇ ಎಣಿಕೆಗೆ ಕಹೋನ್‌ನ ಸ್ಲ್ಯಾಪ್ ಬರುತ್ತದಲ್ವಾ, ನನ್ನ ಜೋರಿನ ಹೊಡೆತವೂ ಅಲ್ಲೇ ಬೀಳುತ್ತಿತ್ತು. ಚರಣದಲ್ಲಿ ಈಗ ಬೆರಳಿನಿಂದ ಮೀಟುತ್ತೇನೆ. ಹೆಬ್ಬೆರಳು ಕೆಳಸ್ವರ ಹಿಡಿಯುತ್ತದೆ, ಏಕೆಂದರೆ ನಮ್ಮಲ್ಲಿ ಬೇಸ್ ಗಿಟಾರ್ ಇಲ್ಲ. ಕಹೋನ್‌ನ ಗುಮ್ ಶಬ್ದಕ್ಕೆ ಶ್ರುತಿ ಇಲ್ಲ, ಅದು ಆ ಜಾಗ ತುಂಬಲ್ಲ. ಕಹೋನ್‌ನವನು ಚರಣದಲ್ಲಿ ಸ್ಲ್ಯಾಪ್ ಬಿಟ್ಟು ಬ್ರಷ್ ಹಿಡಿದಿದ್ದಾನೆ.

ಕೊನೆಯ ಪಲ್ಲವಿಯಲ್ಲಿ ಮಾತ್ರ ಮೂವರೂ ಜೋರು. ಆಗ ವಯಲಿನ್ ಒಂದು ಸ್ಥಾಯಿ ಮೇಲೆ ಹೋಗುತ್ತದೆ, ದನಿಗೆ ಅಡ್ಡ ಬರಲ್ಲ. ಎರಡನೇ ರೆಕಾರ್ಡಿಂಗ್‌ನಲ್ಲಿ ಪ್ರತಿ ಪದವೂ ಕೇಳಿತು.