ಝಕಾತ್ ಬಗ್ಗೆ ಒಂದೂವರೆ ನಿಮಿಷದ ವಿಡಿಯೊ: ಯಾವ ಉದಾಹರಣೆ ಹಾಕಲಿ?

ಪ್ರಶ್ನೆ (ಉಡುಪಿಯ ಒಬ್ಬ ಶಿಕ್ಷಕಿ):
ಅಸ್ಸಲಾಮು ಅಲೈಕುಂ ಉಸ್ತಾದ್. ಕಡ್ಡಾಯವಾಗಿ ಕೊಡಬೇಕಾದ ಝಕಾತ್ ಅಂದ್ರೇನು, ಇಷ್ಟಪಟ್ಟು ಕೊಡುವ ಸದಕ ಅಂದ್ರೇನು ಎಂದು ಚಿಕ್ಕ ವಿಡಿಯೊ ಮಾಡುತ್ತಿದ್ದೇವೆ. "ನಿಮ್ಮ ಸಂಬಳದಲ್ಲಿ ನೂರಕ್ಕೆ ಎರಡೂವರೆ ರೂಪಾಯಿ ಬಡವರ ಹಕ್ಕು" ಎಂದು ಶುರು ಮಾಡಿದ್ದೇವೆ. ನೋಡಿದವರಿಗೆ ದುಡ್ಡು ಕೇಳಿದ ಹಾಗೆ ಆಗಬಾರದು. ಸ್ಕ್ರಿಪ್ಟ್ ಸರಿ ಇದೆಯಾ?

ಉತ್ತರ (ಮಂಗಳೂರು ಬಂದರ್ ಬಳಿಯ ಮದರಸದಲ್ಲಿ ಫಿಕ್ಹ್ ಕಲಿಸುವ ಉಸ್ತಾದ್):
ವ ಅಲೈಕುಮುಸ್ಸಲಾಂ ಟೀಚರ್. ಆ ಮೊದಲ ಸಾಲು ತೆಗೆಯಿರಿ. ಝಕಾತ್ ಬೀಳುವುದು ಸಂಬಳದ ಮೇಲಲ್ಲ, ಕೈಯಲ್ಲಿ ಉಳಿದದ್ದರ ಮೇಲೆ. ಮೂವತ್ತು ಸಾವಿರ ಸಂಬಳ ಬಂದು ಬಾಡಿಗೆ, ಶಾಲೆ ಫೀಸು, ದಿನಸಿ ಎಂದು ಪೂರ್ತಿ ಖರ್ಚಾದರೆ ಅವರ ಮೇಲೆ ಒಂದು ರೂಪಾಯಿ ಝಕಾತೂ ಇಲ್ಲ. ನಿಮ್ಮ ಸಾಲು ಕೇಳಿದರೆ ಅಂಥವರು ತಿಂಗಳಿಗೆ 750 ರೂಪಾಯಿ ಬಾಕಿ ಇಟ್ಟುಕೊಂಡಿದ್ದೇನೆ ಎಂದು ಸುಮ್ನೆ ಹೆದರುತ್ತಾರೆ. ಒತ್ತಡ ಹುಟ್ಟುವುದು ಅಲ್ಲಿಂದಲೇ.

ಇಬ್ಬರನ್ನು ತೋರಿಸಿ. ಒಬ್ಬರು ಕೊಡಬೇಕಾದವರು, ಇನ್ನೊಬ್ಬರು ಕೊಡಬೇಕಾಗಿಲ್ಲದವರು. ಎರಡನೆಯವರನ್ನು ಬಿಟ್ಟರೆ ವಿಡಿಯೊ ವಸೂಲಿಯಾಗುತ್ತದೆ.

ಮೊದಲು ಉಳ್ಳಾಲದ ಒಂದು ಫ್ಯಾನ್ಸಿ ಅಂಗಡಿ ಎಂದಿಟ್ಟುಕೊಳ್ಳಿ. ವ್ಯಾಪಾರ ಶುರು ಮಾಡಿ ಹಿಜರಿ ಲೆಕ್ಕದಲ್ಲಿ ಒಂದು ವರ್ಷ ತುಂಬಿದೆ. ಚಂದ್ರಮಾನ ವರ್ಷ ಸುಮಾರು 354 ದಿನ. ಅದಕ್ಕೇ ಪ್ರತಿ ಜನವರಿಯಲ್ಲಿ ಲೆಕ್ಕ ಹಾಕುವವರು ನಿಧಾನವಾಗಿ ಹಿಂದೆ ಬೀಳುತ್ತಾರೆ. ಆ ದಿನ ಅಂಗಡಿಯವರು ನೋಟ್‌ಬುಕ್ ಹಿಡಿದು ಶೆಲ್ಫಿನ ಮುಂದೆ ನಿಲ್ಲುತ್ತಾರೆ. ಬಳೆ, ಕ್ಲಿಪ್ಪು, ಶಾಲು, ಎಲ್ಲ ಎಣಿಸುತ್ತಾರೆ. ತಂದಾಗ 2,60,000 ಕೊಟ್ಟಿದ್ದರು, ಇವತ್ತು ಮಾರಿದರೆ 3,20,000 ಸಿಗುತ್ತದೆ. ಲೆಕ್ಕಕ್ಕೆ ಬರುವುದು ಇವತ್ತಿನ ಬೆಲೆ. ಗಲ್ಲಾಪೆಟ್ಟಿಗೆಯಲ್ಲಿ, ಬ್ಯಾಂಕಿನಲ್ಲಿ ಸೇರಿ 60,000. ಖಂಡಿತ ಬರುವ ಉದ್ರಿ 20,000. ಒಟ್ಟು ನಾಲ್ಕು ಲಕ್ಷ. ನಲವತ್ತರಲ್ಲಿ ಒಂದು ಪಾಲು ಅಂದರೆ ಹತ್ತು ಸಾವಿರ. ಅಷ್ಟೇ.

ಇಲ್ಲಿ ಕ್ಯಾಮೆರಾ ಫ್ಯಾನ್, ಗಾಜಿನ ಕಪಾಟು, ಹೊರಗೆ ನಿಂತ ಸ್ಕೂಟರ್ ಕಡೆ ಹೋಗಲಿ. ಒಂದೊಂದರ ಮೇಲೂ ಅಡ್ಡಗೆರೆ ಎಳೆಯಿರಿ. ಮಾರಲು ಇಟ್ಟದ್ದಲ್ಲ, ಹಾಗಾಗಿ ಲೆಕ್ಕಕ್ಕಿಲ್ಲ. ಮಾತಿನಲ್ಲಿ ಹೇಳುವುದಕ್ಕಿಂತ ಇದು ಬೇಗ ತಲೆಗೆ ಹೋಗುತ್ತದೆ.

ಎರಡನೆಯವರು ಆಟೊ ಓಡಿಸುವವರು. ಆಟೊ ದುಡಿಮೆಯ ಸಾಧನ, ಮನೆ ವಾಸಕ್ಕೆ. ಎರಡಕ್ಕೂ ಝಕಾತ್ ಇಲ್ಲ. ಬ್ಯಾಂಕಿನಲ್ಲಿ ಹದಿನೈದು ಸಾವಿರ ಇದೆ. ಹಣಕ್ಕೆ ಮಿತಿ, ಅಂದರೆ ನಿಸಾಬ್, ಸುಮಾರು 595 ಗ್ರಾಂ ಬೆಳ್ಳಿಯ ಬೆಲೆ. ಹದಿನೈದು ಸಾವಿರ ಅದರ ಹತ್ತಿರಕ್ಕೂ ಬರುವುದಿಲ್ಲ. "ನಿಮ್ಮ ಮೇಲೆ ಝಕಾತ್ ಇಲ್ಲ" ಎಂದು ನೇರವಾಗಿ ಹೇಳಿ, ಅಲ್ಲೇ ನಿಲ್ಲಿಸಿ. "ಆದರೂ ಏನಾದರೂ ಕೊಡಬಹುದಲ್ವಾ" ಎಂದು ಬಾಲ ಸೇರಿಸಬೇಡಿ. ದುಡಿಮೆ ಮನೆ ಖರ್ಚಿಗೇ ಸಾಲದಿದ್ದರೆ ಅವರೇ ಝಕಾತ್ ಪಡೆಯಲು ಹಕ್ಕುಳ್ಳವರು. ನಾಚಿಕೆ ಪಡುವ ವಿಷಯ ಅದಲ್ಲ.

ಬೆಳ್ಳಿಯ ರೇಟು ವಿಡಿಯೊದಲ್ಲಿ ಹಾಕಬೇಡಿ. ಮುಂದಿನ ತಿಂಗಳಿಗೇ ತಪ್ಪಾಗುತ್ತದೆ. ಗ್ರಾಂ ಮಾತ್ರ ಹೇಳಿ.

ಒಬ್ಬ ಬಟ್ಟೆ ವ್ಯಾಪಾರಿ:
ಉಸ್ತಾದ್, ಅಂಗಡಿಯವರಿಗೆ ಬ್ಯಾಂಕ್ ಸಾಲ ಇದ್ದರೆ ಕಳೆಯಬೇಕು ಅಲ್ವಾ? ಸಾಲ ಇದ್ದವರಿಗೆ ಝಕಾತೇ ಇಲ್ಲ ಅಂತ ನಾನು ಕೇಳಿದ್ದು.

ಉಸ್ತಾದ್:
ನೀವು ಕೇಳಿದ್ದು ಹನಫಿ ಮದ್ಹಬಿನ, ಅಂದರೆ ಆ ಕರ್ಮಶಾಸ್ತ್ರ ಪಂಥದ ಮಾತು. ಅಲ್ಲೂ ಸಾಲ ಇದೆ ಎಂದ ಕೂಡಲೇ ಎಲ್ಲ ಮಾಫಿ ಅಲ್ಲ. ಸಾಲ ಕಳೆದು ಉಳಿದದ್ದು ನಿಸಾಬ್ ಮುಟ್ಟಿದರೆ ಕೊಡಬೇಕು. ಇಲ್ಲಿ ಕರಾವಳಿಯ ಮುಸ್ಲಿಮರಾದ ಬ್ಯಾರಿಗಳು ಹೆಚ್ಚಿನವರು ಶಾಫಿಈ ಮದ್ಹಬಿನವರು. ಶಾಫಿಈಯಲ್ಲಿ ಪ್ರಬಲ ಅಭಿಪ್ರಾಯದಂತೆ ಸಾಲವನ್ನು ಕಳೆಯುವ ಹಾಗಿಲ್ಲ. ಆದರೆ ವರ್ಷ ತುಂಬುವ ಮೊದಲೇ ಕಂತು ಕಟ್ಟಿ ಆಗಿದ್ದರೆ ಆ ಹಣ ನಿಮ್ಮ ಕೈಯಲ್ಲಿಲ್ಲ, ಲೆಕ್ಕಕ್ಕೂ ಇಲ್ಲ. ಟೀಚರ್, ವಿಡಿಯೊದ ಅಂಗಡಿಯವರಿಗೆ ಸಾಲವೇ ಬೇಡ. ಒಂದೂವರೆ ನಿಮಿಷದಲ್ಲಿ ಇದು ಹಿಡಿಯುವುದಿಲ್ಲ.

ಒಬ್ಬ ಗೃಹಿಣಿ:
ನನ್ನ ಹತ್ತಿರ 12 ಪವನ್ ಚಿನ್ನ ಇದೆ. ಮದುವೆ, ಹಬ್ಬಕ್ಕೆ ಹಾಕುತ್ತೇನೆ, ಉಳಿದ ದಿನ ಲಾಕರಿನಲ್ಲಿ. ಕೊಡಬೇಕಾ?

ಉಸ್ತಾದ್:
ತಂಗಿ, 12 ಪವನ್ ಅಂದರೆ 96 ಗ್ರಾಂ. ಚಿನ್ನದ ನಿಸಾಬ್ ಸುಮಾರು 85 ಗ್ರಾಂ, ಹಾಗಾಗಿ ಮಿತಿ ದಾಟಿದೆ. ನೀವು ಹನಫಿ ಆದರೆ ಹಾಕಿಕೊಳ್ಳುವ ಚಿನ್ನಕ್ಕೂ ಝಕಾತ್ ಇದೆ. ಶಾಫಿಈ ಆದರೆ ಹೆಂಗಸರು ವಾಡಿಕೆಯಂತೆ ಧರಿಸಲು ಇಟ್ಟ ಆಭರಣಕ್ಕೆ ಇಲ್ಲ. ಲಾಕರಿನಲ್ಲಿದೆ ಎಂಬ ಮಾತ್ರಕ್ಕೆ ಝಕಾತ್ ಬೀಳುವುದಿಲ್ಲ. ಕಷ್ಟಕ್ಕಾಗುತ್ತದೆ ಎಂದು ಕೂಡಿಟ್ಟ ನಾಣ್ಯ, ಬಿಸ್ಕತ್ತು ಬೇರೆ ಮಾತು. ನಿಮ್ಮಲ್ಲಿ ಯಾವುದು ಎಷ್ಟಿದೆ ಎಂದು ನಿಮ್ಮ ಮೊಹಲ್ಲಾದ ಉಸ್ತಾದರ ಹತ್ತಿರ ಕೂತು ಕೇಳಿ.

ಒಬ್ಬ ಹಿರಿಯರು:
ಒಳ್ಳೆ ಕೆಲಸ ಟೀಚರ್. ನಮ್ಮ ಮಸೀದಿಯ ಮಾಡು ಸೋರುತ್ತಿದೆ. ಮಳೆಗೆ ಮೊದಲು ಆಗಬೇಕು. ವಿಡಿಯೊದ ಕೊನೆಗೆ ನಮ್ಮ ಅಕೌಂಟ್ ನಂಬರ್ ಹಾಕಿದರೆ ಝಕಾತ್ ಹಣದಲ್ಲಿ ಮುಗಿಯುತ್ತದೆ.

ಉಸ್ತಾದ್:
ಹಾಜಿ, ಟೀಚರ್ ಚಂದಾ ಎತ್ತುತ್ತಿಲ್ಲ. ಇನ್ನೊಂದು, ಮಾಡಿಗೆ ಝಕಾತ್ ಹಣ ಬಳಸುವ ಹಾಗಿಲ್ಲ. ಝಕಾತ್ ಯಾರಿಗೆ ಎಂದು ಕುರ್‌ಆನಿನ 9ನೇ ಅಧ್ಯಾಯದ 60ನೇ ಆಯತ್ತಿನಲ್ಲಿ ಎಂಟು ವರ್ಗ ಹೇಳಿದೆ. ಬಡವರು, ಸಾಲದಲ್ಲಿ ಸಿಕ್ಕಿಬಿದ್ದವರು, ದಾರಿಹೋಕರು, ಹೀಗೆ. ಮಸೀದಿ ಕಟ್ಟಡ ಅದರಲ್ಲಿಲ್ಲ. ಮಾಡಿಗೆ ಸದಕ ಕೇಳಿ, ಬೇರೆಯಾಗಿ ಕೇಳಿ. ಟೀಚರ್, ನಂಬರ್, ಕ್ಯೂಆರ್ ಕೋಡ್ ಯಾವುದೂ ಬೇಡ. ಅಳುವ ಮಗುವಿನ ಚಿತ್ರವೂ ಬೇಡ. ಕೋಡ್ ಕಂಡ ಕೂಡಲೇ ಅಲ್ಲಿವರೆಗೆ ಹೇಳಿದ್ದೆಲ್ಲ ಪೀಠಿಕೆ ಎಂದು ಜನ ತಿಳಿಯುತ್ತಾರೆ.

ವಿಡಿಯೊ ಎಡಿಟ್ ಮಾಡುವ ಗೆಳೆಯ:
ಉಸ್ತಾದರೇ, ನಾನು ಹಿಂದೂ, ಗೊತ್ತಿಲ್ಲದೆ ಕೇಳ್ತಿದ್ದೇನೆ. ನಮ್ಮ ಪಕ್ಕದ ಮನೆಯವರ ಡಯಾಲಿಸಿಸ್‌ಗೆ ಟೀಚರ್ ಮನೆಯವರು ಹಣ ಕೊಟ್ಟಿದ್ದರು. ಅದು ಝಕಾತಾ?

ಉಸ್ತಾದ್:
ಒಳ್ಳೆಯ ಪ್ರಶ್ನೆ. ಪಕ್ಕದ ಮನೆಯವರು ಮುಸ್ಲಿಮರಲ್ಲದಿದ್ದರೆ ಅದು ಸದಕ. ಝಕಾತ್ ಮುಸ್ಲಿಮರಲ್ಲಿ ಹಕ್ಕುಳ್ಳವರಿಗೆ ಎನ್ನುವುದು ನಮ್ಮ ಮದ್ಹಬ್. ಸದಕಕ್ಕೆ ಧರ್ಮದ ಗೆರೆ ಇಲ್ಲ, ಮೊತ್ತ ಇಲ್ಲ, ದಿನಾಂಕವೂ ಇಲ್ಲ. ಎರಡರ ವ್ಯತ್ಯಾಸಕ್ಕೆ ನೀವು ಹೇಳಿದ್ದೇ ಚೆಂದದ ಉದಾಹರಣೆ, ಆ ಮನೆಯವರ ಗುರುತು ಸಿಗದ ಹಾಗೆ ಹಾಕಿ.

ಶಿಕ್ಷಕಿ:
ಜಝಾಕಲ್ಲಾಹ್ ಉಸ್ತಾದ್. ಸ್ಕ್ರಿಪ್ಟ್ ಹೊಸದಾಗಿ ಬರೆಯುತ್ತೇವೆ. ಒಂದು ಸಂಶಯ ಉಳಿಯಿತು. ಅಂಗಡಿಗೆ ಕೊಟ್ಟ ಎರಡು ಲಕ್ಷ ಅಡ್ವಾನ್ಸ್ ಕಟ್ಟಡದ ಮಾಲೀಕರ ಹತ್ತಿರ ಇರುತ್ತದಲ್ಲ, ಅದನ್ನು ನಾಲ್ಕು ಲಕ್ಷಕ್ಕೆ ಸೇರಿಸಬೇಕಾ?

ಉಸ್ತಾದ್:
ಹಣ ಅಂಗಡಿಯವರದ್ದೇ, ಆದರೆ ಖಾಲಿ ಮಾಡುವವರೆಗೆ ಕೈಗೆ ಸಿಗುವುದಿಲ್ಲ. ಪ್ರತಿ ವರ್ಷ ಸೇರಿಸಿ ಎನ್ನುವವರಿದ್ದಾರೆ, ಸಿಕ್ಕಿದಾಗ ನೋಡಿ ಎನ್ನುವವರೂ ಇದ್ದಾರೆ. ವಿಡಿಯೊದಲ್ಲಿ ಅಂಗಡಿ ಸ್ವಂತದ್ದು ಮಾಡಿಬಿಡಿ.