ಅಪ್‌ಡೇಟ್: ಗಾಜಿನ ಧ್ರುವೀಕರಣ ಕೋನ ಕೊನೆಗೂ ಸಿಕ್ಕಿತು

ಧ್ರುವೀಕರಣ ಕೋನ ಅಂದರೆ ಗಾಜಿನಿಂದ ಪ್ರತಿಫಲಿಸಿದ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುವ ಕೋನ; ಅಲ್ಲಿ ಪೋಲರಾಯ್ಡ್ ಹಾಳೆ ತಿರುಗಿಸಿ ಆ ಬೆಳಕನ್ನು ಪೂರ್ತಿ ಆರಿಸಬಹುದು. ನನ್ನ ಪ್ರಶ್ನೆ: "ಲೆಕ್ಕದಲ್ಲಿ ಗಾಜಿಗೆ 56 ಡಿಗ್ರಿ ಬರುತ್ತದೆ, ಆದರೆ ಅಳೆದರೆ 34ರ ಹತ್ತಿರವೇ ಬೆಳಕು ಕತ್ತಲಾಗುತ್ತದೆ. ಎಲ್ಲಿ ತಪ್ಪಿದೆ?"

ತಪ್ಪು ನನ್ನ ಕೋನಮಾಪಕದಲ್ಲೇ ಇತ್ತು ಮಾರಾಯ್ರೆ! ಲಂಬದಿಂದ ಅಳೆಯಿರಿ ಅಂದವರ ಮಾತೇ ಸರಿ. ನಾನು ಗಾಜಿನ ಮೇಲ್ಮೈಯಿಂದ ಅಳೆದಿದ್ದೆ. 90ರಿಂದ 34 ಕಳೆದರೆ 56, ಅಷ್ಟೇ.

ಲೆಕ್ಕ ಹೀಗೆ: tan θ = n. ಇಲ್ಲಿ θ ಅಂದರೆ ಧ್ರುವೀಕರಣ ಕೋನ, n ಅಂದರೆ ಗಾಜಿನ ವಕ್ರೀಭವನ ಸೂಚ್ಯಂಕ. ಕಿಟಕಿ ಗಾಜಿಗೆ n ಸುಮಾರು 1.5, ಹಾಗಾಗಿ θ = 56.3°. ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿದೆಯಾ ನೋಡಿ ಅಂದಿದ್ದರು, ಅದಲ್ಲ, ಹಾಗಿದ್ದರೆ 0.98 ಬರುತ್ತಿತ್ತು. ಕನ್ನಡಿ ಇಟ್ಟು ನೋಡಿ ಅಂದದ್ದೂ ಪ್ರಯೋಜನವಾಗಲಿಲ್ಲ. ಅದರ ಹಿಂದೆ ಲೋಹದ ಲೇಪ ಇರುತ್ತದಲ್ವಾ, ಅಲ್ಲಿಂದ ಬರುವ ಬೆಳಕು ಪೂರ್ತಿ ಆರುವುದೇ ಇಲ್ಲ.

ನಿನ್ನೆ ಕಾಸರಗೋಡಿನಲ್ಲಿ ಜೋರು ಮಳೆ, ಮನೆಯೊಳಗೇ ಕತ್ತಲು. ಗಾಜಿನ ಕೆಳಗೆ ಕಪ್ಪು ಕಾಗದ ಹಾಸಿ, ಟಾರ್ಚ್ ಹಿಡಿದು, ಪೋಲರಾಯ್ಡ್ ಹಾಳೆಯನ್ನು ಮೆಲ್ಲ ತಿರುಗಿಸಿದೆ. 56ರ ಹತ್ತಿರ ಟಾರ್ಚಿನ ಬಿಂಬ ಮಾಯವೇ ಆಯಿತು. 45ಕ್ಕೆ ತಂದರೆ ಎಷ್ಟು ತಿರುಗಿಸಿದರೂ ಮಂಕಾಗಿ ಉಳಿಯುತ್ತದೆ. ಟಾರ್ಚಿನ ಬೆಳಕು ಹರಡುವುದರಿಂದ ಒಂದೆರಡು ಡಿಗ್ರಿ ಆಚೀಚೆ ಆಗುತ್ತದೆ.

ನನಗೆ ಗೊತ್ತಿಲ್ಲದ ಇನ್ನೊಂದು ಸಂಗತಿ: ಈ ಕೋನದಲ್ಲಿ ಪ್ರತಿಫಲಿಸಿದ ಕಿರಣಕ್ಕೂ ಗಾಜಿನೊಳಗೆ ಬಾಗಿದ ಕಿರಣಕ್ಕೂ ನಡುವೆ ಸರಿಯಾಗಿ 90 ಡಿಗ್ರಿ. ಒಳಗಿನ ಕೋನ ಲಂಬದಿಂದ 33.7, ಅದಕ್ಕೆ 56.3 ಕೂಡಿಸಿದರೆ 90; 180ರಲ್ಲಿ ಅದನ್ನು ಕಳೆದರೆ ಉಳಿಯುವುದೂ 90. ಮತ್ತೆ, ಪೂರ್ತಿ ಧ್ರುವೀಕರಣ ಅಂದರೆ ಪೂರ್ತಿ ಬೆಳಕು ಅಲ್ಲ. ಗಾಜಿನ ಒಂದು ಮೇಲ್ಮೈಯಿಂದ ವಾಪಸ್ ಬರುವುದು ಬಿದ್ದ ಬೆಳಕಿನ ಶೇ. 7ರಷ್ಟು ಮಾತ್ರ.